ಎಕ್ಸೆಲ್ ತೆರೆದರೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆಯೇ? ತಪ್ಪು ಫೈಲಿನದೋ, ಕಂಪ್ಯೂಟರಿನದೋ ಕಂಡುಹಿಡಿಯುವುದು ಹೀಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಆಫೀಸಿನಿಂದ ಒಂದು ಎಕ್ಸೆಲ್ ಫೈಲ್ ಬಂತು. ತೆರೆದರೆ ಅಕ್ಷರಗಳು ಗೋಡೆಯ ಮೇಲೆ ಬರೆದಷ್ಟು ದೊಡ್ಡದಾಗಿವೆ. ಹತ್ತು ಕಾಲಂ ಕೂಡ ಒಟ್ಟಿಗೆ ಕಾಣುವುದಿಲ್ಲ. ಬೇರೆ ಫೈಲ್ ತೆರೆದರೆ ಎಲ್ಲ ಸರಿಯಾಗಿದೆ. ಕಳಿಸಿದವರನ್ನು ಕೇಳಿದರೆ, "ನನ್ನ ಹತ್ತಿರ ಸರಿಯಾಗಿಯೇ ಕಾಣ್ತಿದೆಯಲ್ಲ" ಅನ್ನುತ್ತಾರೆ.

ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಕೆಲವರು ಇಡೀ ಶೀಟ್ ಆರಿಸಿ ಫಾಂಟ್ ಗಾತ್ರವನ್ನು 11ರಿಂದ 6ಕ್ಕೆ ಇಳಿಸುತ್ತಾರೆ. ಇನ್ನು ಕೆಲವರು ವಿಂಡೋಸ್ ಸೆಟ್ಟಿಂಗ್‌ಗೆ ಹೋಗಿ ಪರದೆಯ ಸ್ಕೇಲ್ ಬದಲಿಸುತ್ತಾರೆ. ಎರಡೂ ಬೇಡ. ಮೊದಲನೆಯದರಿಂದ ಪ್ರಿಂಟ್ ತೆಗೆದಾಗ ಅಕ್ಷರ ಇರುವೆಯಷ್ಟಾಗುತ್ತದೆ. ಎರಡನೆಯದರಿಂದ ಆ ಒಂದು ಫೈಲ್ ಸರಿಹೋದಂತೆ ಕಂಡರೂ ಕಂಪ್ಯೂಟರಿನ ಉಳಿದದ್ದೆಲ್ಲ ಓದಲಾಗದಷ್ಟು ಚಿಕ್ಕದಾಗುತ್ತದೆ.

ಆದ್ದರಿಂದ ಮೊದಲು ಎರಡು ವಿಷಯಗಳನ್ನು ಬೇರೆ ಮಾಡಿ ನೋಡೋಣ.

ಝೂಮ್ ಮತ್ತು ಸ್ಕೇಲಿಂಗ್

ಝೂಮ್ ಅಂದರೆ ಎಕ್ಸೆಲ್ ತನ್ನ ಕಿಟಕಿಯೊಳಗೆ ಶೀಟನ್ನು ಎಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ತೋರಿಸುತ್ತದೆ ಅನ್ನುವ ಅಳತೆ. ಎಕ್ಸೆಲ್‌ನಲ್ಲಿ ಇದು 10%ರಿಂದ 400%ವರೆಗೆ ಹೋಗುತ್ತದೆ. ಫೈಲ್ ಸೇವ್ ಮಾಡಿದಾಗ ಈ ಸಂಖ್ಯೆ ಫೈಲಿನ ಒಳಗೇ ಉಳಿಯುತ್ತದೆ. ಫೈಲ್ ಎಲ್ಲಿಗೆ ಹೋದರೂ ಅದರ ಜೊತೆಗೆ ಹೋಗುತ್ತದೆ.

ಸ್ಕೇಲಿಂಗ್ ಅಂದರೆ ವಿಂಡೋಸ್ ಇಡೀ ಪರದೆಯ ಮೇಲಿನ ವಸ್ತುಗಳನ್ನು ಎಷ್ಟು ದೊಡ್ಡದಾಗಿ ಬಿಡಿಸುತ್ತದೆ ಅನ್ನುವ ಅಳತೆ. ಕೆಳಗಿನ ಟಾಸ್ಕ್‌ಬಾರ್, ಮೆನು, ಐಕಾನ್, ಎಕ್ಸೆಲ್, ಬ್ರೌಸರ್ ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಇದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಫೈಲಿಗೆ ಇದರ ಸುದ್ದಿಯೇ ಗೊತ್ತಿರುವುದಿಲ್ಲ.

ಗೊಂದಲ ಹುಟ್ಟುವುದು ಎಲ್ಲಿ ಅಂದರೆ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಈ ಎರಡೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಸ್ಕೇಲ್ 150%, ಝೂಮ್ 190% ಇದ್ದರೆ ಸೆಲ್ ಮೂಲ ಗಾತ್ರದ 1.5 × 1.9, ಅಂದರೆ 2.85 ಪಟ್ಟು ಆಗುತ್ತದೆ. ಹಾಗಾಗಿ ಯಾವುದನ್ನು ಇಳಿಸಿದರೂ ಅಕ್ಷರ ಚಿಕ್ಕದಾಗುತ್ತದೆ. ತಪ್ಪಾದದ್ದನ್ನು ಇಳಿಸಿದವರಿಗೂ "ಸರಿಹೋಯ್ತು" ಅನ್ನಿಸುವುದು ಇದರಿಂದಲೇ.

ಕೆಳಗಿನ ಹಂತಗಳಿಗೆ ಬೇಕಾದದ್ದು ವಿಂಡೋಸ್ 10 ಅಥವಾ 11, ಮತ್ತು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿದ ಎಕ್ಸೆಲ್. ಬೇರೆ ಸಾಫ್ಟ್‌ವೇರ್ ಏನೂ ಬೇಡ. ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ ಕೊನೆಯಲ್ಲಿ ಬೇರೆ ಭಾಗವಿದೆ.

ಹಂತ 1: ಏನೇನು ದೊಡ್ಡದಾಗಿದೆ ಅಂತ ನೋಡಿ

ಯಾವ ಬಟನ್ನೂ ಒತ್ತಬೇಡಿ. ಸುಮ್ನೆ ಪರದೆ ನೋಡಿ.

ಎಕ್ಸೆಲ್‌ನ ಮೇಲ್ಭಾಗದಲ್ಲಿ Home, Insert, View ಎಂದು ಹೆಸರುಗಳಿರುವ ಪಟ್ಟಿ ಇದೆ. ಅದರ ಕೆಳಗೆ ಬಟನ್‌ಗಳ ಸಾಲಿದೆ. ಈ ಪೂರ್ತಿ ಪಟ್ಟಿಗೆ ರಿಬ್ಬನ್ ಅನ್ನುತ್ತಾರೆ. ರಿಬ್ಬನ್ ಎಂದಿನ ಗಾತ್ರದಲ್ಲೇ ಇದ್ದು, ಕೆಳಗಿನ ಸೆಲ್‌ಗಳು, A B C ಎಂಬ ಕಾಲಂ ತಲೆಬರಹಗಳು, 1 2 3 ಎಂಬ ಸಾಲಿನ ಸಂಖ್ಯೆಗಳು ಮಾತ್ರ ದೊಡ್ಡದಾಗಿದ್ದರೆ ಅದು ಝೂಮ್. ಹಂತ 2ಕ್ಕೆ ಹೋಗಿ.

ರಿಬ್ಬನ್ ಕೂಡ ದೊಡ್ಡದಾಗಿದೆ, ಟಾಸ್ಕ್‌ಬಾರ್ ಕೂಡ ದಪ್ಪವಾಗಿದೆ, ಬೇರೆ ಪ್ರೋಗ್ರಾಂಗಳೂ ಹಾಗೇ ಕಾಣುತ್ತವೆ ಅಂದರೆ ಅದು ಸ್ಕೇಲಿಂಗ್ ಅಥವಾ ರೆಸಲ್ಯೂಶನ್. ನೇರವಾಗಿ ಹಂತ 6ಕ್ಕೆ ಹೋಗಿ.

A B C ಮತ್ತು 1 2 3 ಎಂದಿನ ಗಾತ್ರದಲ್ಲೇ ಇವೆ, ಸೆಲ್ ಒಳಗಿನ ಬರಹ ಮಾತ್ರ ದೊಡ್ಡದು. ಹೀಗಿದ್ದರೆ ಝೂಮೂ ಅಲ್ಲ, ಸ್ಕೇಲಿಂಗೂ ಅಲ್ಲ. ಯಾರೋ ಫಾಂಟ್ ಗಾತ್ರವನ್ನೇ ಹೆಚ್ಚಿಸಿದ್ದಾರೆ. ಒಂದು ಸೆಲ್ ಮೇಲೆ ಕ್ಲಿಕ್ ಮಾಡಿ, Home ಕೆಳಗೆ ಫಾಂಟ್ ಹೆಸರಿನ ಪಕ್ಕದ ಸಂಖ್ಯೆ ನೋಡಿ. ಅಲ್ಲಿ 20 ಅಂತ ಇದ್ದರೆ ಅದು ನಿಜವಾಗಿಯೂ 20. ಅಲ್ಲಿ 11 ಇದ್ದು ಕಣ್ಣಿಗೆ 20ರಂತೆ ಕಂಡರೆ ಮಾತ್ರ ಝೂಮಿನ ಮೇಲೆ ಅನುಮಾನಪಡಿ.

ಇನ್ನೊಂದು ಸಾಧ್ಯತೆ ಇದೆ. ಮೌಸ್ ಸರಿಸಿದಂತೆ ಇಡೀ ಪರದೆಯೇ ಪಕ್ಕಕ್ಕೆ ಜಾರುತ್ತಿದ್ದರೆ ವಿಂಡೋಸ್‌ನ ಭೂತಗನ್ನಡಿ ಆನ್ ಆಗಿದೆ. ಅದರ ಹೆಸರು Magnifier. ವಿಂಡೋಸ್ ಕೀ ಹಿಡಿದು + ಒತ್ತಿದರೆ ಅದು ಶುರುವಾಗುತ್ತದೆ. ಕೀಬೋರ್ಡ್ ಒರೆಸುವಾಗ ಗೊತ್ತಿಲ್ಲದೆ ಹೀಗಾಗುವುದುಂಟು. ವಿಂಡೋಸ್ ಕೀ ಹಿಡಿದು Esc ಒತ್ತಿ, ಹೋಗುತ್ತದೆ.

ಹಂತ 2: ಕೆಳಗಿನ ಬಲಮೂಲೆಯ ಸಂಖ್ಯೆ ಓದಿ

ಎಕ್ಸೆಲ್ ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ − ಮತ್ತು + ನಡುವೆ ಒಂದು ಸಣ್ಣ ಗೆರೆ, ಪಕ್ಕದಲ್ಲಿ ಶೇಕಡಾ ಸಂಖ್ಯೆ ಇರುತ್ತದೆ. ಅದೇ ಝೂಮ್. ಅಲ್ಲಿ 190% ಅಂತಿದ್ದರೆ ಕಳ್ಳ ಸಿಕ್ಕಂತೆ.

ಆ ಜಾಗದಲ್ಲಿ ಏನೂ ಕಾಣದಿದ್ದರೆ ಕೆಳಗಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ. ಉದ್ದನೆಯ ಪಟ್ಟಿ ಬರುತ್ತದೆ. ಅದರ ಕೊನೆಯಲ್ಲಿರುವ Zoom Slider ಮತ್ತು Zoom ಎರಡಕ್ಕೂ ಟಿಕ್ ಹಾಕಿ.

ಸಂಖ್ಯೆ 100% ಇದ್ದೂ ಶೀಟ್ ದೊಡ್ಡದಾಗಿ ಕಂಡರೆ ಝೂಮನ್ನು ಬಿಟ್ಟುಬಿಡಿ. ಅದರ ತಪ್ಪಿಲ್ಲ. ಹಂತ 6 ನೋಡಿ.

ಹಂತ 3: ಝೂಮನ್ನು 100ಕ್ಕೆ ತನ್ನಿ

View ಒತ್ತಿ, ಅಲ್ಲಿ 100% ಎಂಬ ಬಟನ್ ಒತ್ತಿ. ಅಷ್ಟೇ. ಕೀಬೋರ್ಡಿನಿಂದ ಮಾಡುವುದಾದರೆ Alt, W, J ಎಂದು ಒಂದಾದ ಮೇಲೊಂದು ಒತ್ತಿ. ಮೂರನ್ನೂ ಒಟ್ಟಿಗೆ ಹಿಡಿಯಬೇಕಿಲ್ಲ.

ಬೇರೆ ಸಂಖ್ಯೆ ಬೇಕಿದ್ದರೆ ಮೂಲೆಯ ಶೇಕಡಾ ಸಂಖ್ಯೆಯ ಮೇಲೆಯೇ ಕ್ಲಿಕ್ ಮಾಡಿ. Zoom ಎಂಬ ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ Custom ಮುಂದೆ ನಿಮಗೆ ಬೇಕಾದ ಸಂಖ್ಯೆ ಬರೆಯಬಹುದು. ಕನ್ನಡದಲ್ಲಿ ತುಂಬಿದ ಶೀಟಿಗೆ ನಾನು 110 ಅಥವಾ 120 ಇಡುತ್ತೇನೆ. ಒತ್ತಕ್ಷರಗಳು 100%ನಲ್ಲಿ ಒಂದರ ಮೇಲೊಂದು ಅಂಟಿಕೊಂಡಂತೆ ಕಂಡು ಕಣ್ಣಿಗೆ ಕಷ್ಟ. "ಕ್ಷ್ಮ್ಯ", "ಷ್ಟ್ರ" ಇರುವ ಹೆಸರುಗಳ ಪಟ್ಟಿ ಓದಿದವರಿಗೆ ಇದು ಗೊತ್ತು.

ಇಲ್ಲಿ ಒಂದು ಬಲೆ ಇದೆ. 100% ಬಟನ್ನಿನ ಪಕ್ಕದಲ್ಲೇ Zoom to Selection ಎಂಬ ಬಟನ್ ಇದೆ. ಆರಿಸಿದ ಸೆಲ್‌ಗಳು ಕಿಟಕಿ ತುಂಬುವಷ್ಟು ದೊಡ್ಡದಾಗಲಿ ಅನ್ನುವುದು ಅದರ ಕೆಲಸ. ಒಂದೇ ಸೆಲ್ ಆರಿಸಿಕೊಂಡು ಅದನ್ನು ಒತ್ತಿದರೆ ಝೂಮ್ ನೇರ 400%ಗೆ ಹಾರುತ್ತದೆ. "ಇದ್ದಕ್ಕಿದ್ದಂತೆ ರಾಕ್ಷಸ ಗಾತ್ರ ಆಯ್ತು" ಅನ್ನುವ ದೂರುಗಳಲ್ಲಿ ಕೆಲವಕ್ಕಾದರೂ ಕಾರಣ ಈ ಬಟನ್. ಹೀಗಾದರೆ ಗಾಬರಿ ಬೇಡ, ಪಕ್ಕದ 100% ಒತ್ತಿ.

ಇನ್ನೊಂದು ಬಲೆ ಹೆಚ್ಚು ಹೆದರಿಸುತ್ತದೆ. ಶೀಟ್ ದೊಡ್ಡದಾಗಿದೆ, ಸ್ಕ್ರೋಲ್ ಮಾಡಿದರೂ ಅಲುಗಾಡುವುದಿಲ್ಲ. ಫೈಲ್ ಕೆಟ್ಟುಹೋಯಿತು ಅಂತ ಅನ್ನಿಸುತ್ತದೆ. ನಿಜವಾಗಿ ಆಗಿರುವುದು ಇಷ್ಟು: ಯಾರೋ ಮೇಲಿನ ಕೆಲವು ಸಾಲುಗಳನ್ನು Freeze Panes ಬಳಸಿ ಕದಲದಂತೆ ನಿಲ್ಲಿಸಿದ್ದಾರೆ. ಝೂಮ್ ಜಾಸ್ತಿಯಾದಾಗ ಆ ನಿಂತ ಸಾಲುಗಳೇ ಇಡೀ ಕಿಟಕಿ ತುಂಬಿಕೊಂಡಿವೆ. ಸ್ಕ್ರೋಲ್ ಆಗುವ ಭಾಗ ಕಿಟಕಿಯ ಆಚೆ ಉಳಿದಿದೆ. ಝೂಮ್ ಇಳಿಸಿದ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ. Unfreeze Panes ಮಾಡುವ ಅಗತ್ಯವಿಲ್ಲ. ಮಾಡಿದರೆ ಕಳಿಸಿದವರು ಯೋಚಿಸಿ ಇಟ್ಟ ತಲೆಬರಹ ಹಾಳಾಗುತ್ತದೆ.

ಹಂತ 4: ಉಳಿದ ಶೀಟ್‌ಗಳನ್ನೂ ನೋಡಿ

ಕೆಳಗೆ Sheet1, Sheet2 ಎಂದು ಟ್ಯಾಬ್‌ಗಳಿವೆಯಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಝೂಮ್ ಇರುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಸರಿಯಾಗುವುದಿಲ್ಲ. "ಸರಿ ಮಾಡಿದ್ದೆ, ಮತ್ತೆ ದೊಡ್ಡದಾಯ್ತು" ಅನ್ನುವವರು ಹಲವು ಸಲ ಬೇರೆ ಟ್ಯಾಬ್‌ಗೆ ಹೋಗಿರುತ್ತಾರೆ, ಅಷ್ಟೇ.

ಹನ್ನೆರಡು ತಿಂಗಳಿಗೆ ಹನ್ನೆರಡು ಶೀಟ್ ಇರುವ ಫೈಲ್ ಅಂದುಕೊಳ್ಳಿ. ಒಂದೊಂದಾಗಿ ಮಾಡಬೇಕಿಲ್ಲ.

1. ಯಾವುದಾದರೂ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ Select All Sheets ಒತ್ತಿ. ಮೇಲಿನ ಶೀರ್ಷಿಕೆಯಲ್ಲಿ ಫೈಲ್ ಹೆಸರಿನ ಪಕ್ಕ Group ಎಂದು ಬರುತ್ತದೆ.
2. View ಕೆಳಗಿನ 100% ಒತ್ತಿ.
3. ಮತ್ತೆ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ Ungroup Sheets ಒತ್ತಿ.

ಮೂರನೆಯದನ್ನು ದಯವಿಟ್ಟು ಮರೆಯಬೇಡಿ. ಈ ಲೇಖನದಲ್ಲಿ ನಿಜವಾಗಿ ಅಪಾಯವಿರುವ ಜಾಗ ಇದೊಂದೇ. Group ಇರುವಾಗ ಒಂದು ಶೀಟಿನ B5ನಲ್ಲಿ ಏನಾದರೂ ಬರೆದರೆ ಎಲ್ಲ ಶೀಟ್‌ಗಳ B5ನಲ್ಲೂ ಅದೇ ಕೂರುತ್ತದೆ. ಮೊದಲಿದ್ದದ್ದು ಅಳಿಸಿಹೋಗುತ್ತದೆ. ಏಪ್ರಿಲ್ ತಿಂಗಳ ಮೊತ್ತ ತಿದ್ದಲು ಹೋಗಿ ಹನ್ನೆರಡೂ ತಿಂಗಳ ಮೊತ್ತ ಕಳೆದುಕೊಳ್ಳಬಹುದು. ಬೇರೆ ಟ್ಯಾಬ್‌ಗಳು ಕಣ್ಣಿಗೆ ಕಾಣುತ್ತಿರುವುದಿಲ್ಲವಾದ್ದರಿಂದ ಆಗಿದ್ದು ಗೊತ್ತೂ ಆಗುವುದಿಲ್ಲ. ಟೈಪ್ ಮಾಡುವ ಮೊದಲು ಶೀರ್ಷಿಕೆಯಲ್ಲಿ Group ಹೋಗಿದೆಯೇ ಅಂತ ಒಮ್ಮೆ ನೋಡಿ.

ಮುಚ್ಚಿಟ್ಟ ಶೀಟ್‌ಗಳು ಈ ಗುಂಪಿಗೆ ಸೇರುವುದಿಲ್ಲ. ಮುಂದೆ ಯಾರಾದರೂ ಅವುಗಳನ್ನು ತೆರೆದರೆ ಹಳೆಯ ಝೂಮಿನಲ್ಲೇ ಬರುತ್ತವೆ.

ಒಂದೇ ಶೀಟ್‌ನಲ್ಲೂ ನೋಟ ಬದಲಾದರೆ ಝೂಮ್ ಬದಲಾಗಬಹುದು. View ಕೆಳಗೆ Normal ಮತ್ತು Page Break Preview ಎಂಬ ನೋಟಗಳಿವೆ. ಎರಡನೆಯದು ಪ್ರಿಂಟ್‌ನಲ್ಲಿ ಪುಟ ಎಲ್ಲಿ ಕತ್ತರಿಸುತ್ತದೆ ಎಂದು ನೀಲಿ ಗೆರೆ ಹಾಕಿ ತೋರಿಸುತ್ತದೆ. ಅದು ತಾನಾಗಿ ತೆರೆದಾಗ ಝೂಮ್ 60% ಇರುತ್ತದೆ. ಎರಡು ನೋಟಗಳೂ ತಮ್ಮ ತಮ್ಮ ಝೂಮನ್ನು ಬೇರೆ ಬೇರೆ ನೆನಪಿಡುತ್ತವೆ. ಹಾಗಾಗಿ ಒಂದರಲ್ಲಿ ಸರಿಮಾಡಿ ಇನ್ನೊಂದಕ್ಕೆ ಹೋದರೆ ಮಾಡಿದ ಕೆಲಸ ಕಾಣುವುದಿಲ್ಲ.

ಹಂತ 5: ಸೇವ್ ಮಾಡಿ

Ctrl ಹಿಡಿದು S ಒತ್ತಿ. ಸೇವ್ ಮಾಡದೆ ಮುಚ್ಚಿದರೆ ಫೈಲ್ ಮುಂದಿನ ಸಲ ಹಳೆಯ ಗಾತ್ರದಲ್ಲೇ ತೆರೆಯುತ್ತದೆ. ಫೈಲ್ Read-Only ಆಗಿದ್ದರೆ ಝೂಮ್ ಬದಲಿಸಬಹುದು, ಆದರೆ ಅದು ಅದೇ ಫೈಲಿನಲ್ಲಿ ಉಳಿಯುವುದಿಲ್ಲ. ಬೇರೆ ಹೆಸರಿನಲ್ಲಿ ಪ್ರತಿ ಮಾಡಿಕೊಳ್ಳಿ.

ಝೂಮ್ ಫೈಲಿನೊಳಗೇ ಇರುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕೇ? ಒಂದು xlsx ಫೈಲಿನ ಪ್ರತಿ ಮಾಡಿ, ಪ್ರತಿಯ ಹೆಸರಿನ ಕೊನೆಯ .xlsx ಅನ್ನು .zip ಎಂದು ಬದಲಿಸಿ ತೆರೆಯಿರಿ. ಒಳಗೆ xl, ಅದರೊಳಗೆ worksheets ಎಂಬ ಫೋಲ್ಡರ್ ಇದೆ. ಅಲ್ಲಿನ sheet1.xml ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಹುಡುಕಿದರೆ ಇಂಥ ಸಾಲು ಸಿಗುತ್ತದೆ.

```
<sheetView zoomScale="190" zoomScaleNormal="190" workbookViewId="0">
```

zoomScale ಎಂಬುದೇ ಇಲ್ಲದಿದ್ದರೆ ಝೂಮ್ 100 ಎಂದರ್ಥ. ಎಷ್ಟು ಹುಡುಕಿದರೂ ಇಲ್ಲಿ ವಿಂಡೋಸ್ ಸ್ಕೇಲಿಂಗ್ ಬಗ್ಗೆ ಏನೂ ಸಿಗುವುದಿಲ್ಲ. ಇದು ನೋಡುವುದಕ್ಕೆ ಮಾತ್ರ. ತಿದ್ದುವುದನ್ನು ಎಕ್ಸೆಲ್ ಒಳಗಿನಿಂದಲೇ ಮಾಡಿ.

ಕಳಿಸಿದವರಿಗೆ ಸರಿಯಾಗಿ ಕಂಡದ್ದು ನಿಮಗೆ ಯಾಕೆ ದೊಡ್ಡದು?

ಈ ಭಾಗವನ್ನು ನಿಧಾನವಾಗಿ ಓದಿ. ಒಂದೇ ಫೈಲನ್ನು ಇಬ್ಬರು ಬಳಸುವ ಕಡೆ ಜಗಳ ಶುರುವಾಗುವುದೇ ಇಲ್ಲಿಂದ.

ಪರದೆಯ ಮೇಲಿನ ಒಂದೊಂದು ಚುಕ್ಕಿಗೆ ಪಿಕ್ಸೆಲ್ ಅನ್ನುತ್ತಾರೆ. ಪರದೆಯಲ್ಲಿ ಅಡ್ಡ ಮತ್ತು ಉದ್ದಕ್ಕೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕವೇ ರೆಸಲ್ಯೂಶನ್. ಕ್ಯಾಲಿಬ್ರಿ 11 ಫಾಂಟ್ ಇರುವ ಫೈಲಿನಲ್ಲಿ ಎಕ್ಸೆಲ್‌ನ ಮಾಮೂಲಿ ಕಾಲಂ 64 ಪಿಕ್ಸೆಲ್ ಅಗಲ. ಇದು ಝೂಮ್ 100%, ಸ್ಕೇಲ್ 100% ಇದ್ದಾಗ.

ಕಳಿಸಿದವರ ಮೇಜಿನ ಮೇಲೆ 27 ಇಂಚಿನ 4ಕೆ ಮಾನಿಟರ್ ಇದೆ ಅನ್ನೋಣ. ಅಡ್ಡಕ್ಕೆ 3840 ಪಿಕ್ಸೆಲ್. ಸ್ಕೇಲ್ 100%ನಲ್ಲೇ ಇದೆ. ಇಷ್ಟು ಪಿಕ್ಸೆಲ್ ಒತ್ತೊತ್ತಾಗಿ ಇರುವ ಪರದೆಯಲ್ಲಿ ಮಾಮೂಲಿ ಕಾಲಂ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅಕ್ಷರ ಓದಲಾಗುವುದಿಲ್ಲ. ಅವರು Ctrl ಹಿಡಿದು ಮೌಸ್ ಚಕ್ರ ತಿರುಗಿಸಿ ಝೂಮನ್ನು 190%ಗೆ ತಂದರು. ಈಗ ಕಾಲಂ ಸುಮಾರು 122 ಪಿಕ್ಸೆಲ್. ಅಳೆದರೆ 1.9 ಸೆಂ.ಮೀ. ಒಟ್ಟು 31 ಕಾಲಂ ಕಾಣುತ್ತದೆ. ಆರಾಮಾಗಿ ಕೆಲಸ ಮಾಡಿದರು, ಸೇವ್ ಮಾಡಿ ಕಳಿಸಿದರು.

ನಿಮ್ಮದು 15.6 ಇಂಚಿನ ಲ್ಯಾಪ್‌ಟಾಪ್. ಅಡ್ಡಕ್ಕೆ 1920 ಪಿಕ್ಸೆಲ್, ಸ್ಕೇಲ್ 150%. ಝೂಮ್ 100% ಇದ್ದಿದ್ದರೆ ಕಾಲಂ 96 ಪಿಕ್ಸೆಲ್ ಆಗಿ, ಸುಮಾರು 1.7 ಸೆಂ.ಮೀ. ಇದ್ದು, 20ರ ಹತ್ತಿರ ಕಾಲಂ ಕಾಣುತ್ತಿತ್ತು. ಆದರೆ ಫೈಲ್ ತನ್ನ ಜೊತೆ 190% ಹೊತ್ತು ತಂದಿದೆ. 96ನ್ನು 1.9ರಿಂದ ಗುಣಿಸಿದರೆ ಸುಮಾರು 182 ಪಿಕ್ಸೆಲ್. ಅಂದರೆ ಒಂದು ಕಾಲಂ 3.3 ಸೆಂ.ಮೀ. ಅಗಲ. ಕಾಣುವುದು ಹತ್ತೇ ಕಾಲಂ.

ಅವರ ಕಣ್ಣಿಗೆ 1.9 ಸೆಂ.ಮೀ., ನಿಮ್ಮ ಕಣ್ಣಿಗೆ 3.3 ಸೆಂ.ಮೀ. ಇಬ್ಬರೂ ಹೇಳುತ್ತಿರುವುದು ನಿಜವೇ.

ಈಗ ನೀವು 100ಕ್ಕೆ ಇಳಿಸಿ, ಸೇವ್ ಮಾಡಿ, ವಾಪಸ್ ಕಳಿಸುತ್ತೀರಿ. ಅವರಿಗೆ ಅದು ಇರುವೆ ಗಾತ್ರ. ಅವರು ಮತ್ತೆ 190 ಮಾಡುತ್ತಾರೆ. ದಿನಾ ಇದೇ ನಡೆಯುತ್ತದೆ.

ಇದನ್ನು ನಿಲ್ಲಿಸುವ ದಾರಿ ಕಳಿಸಿದವರ ಕಡೆ ಇದೆ. ಓದಲಾಗದಿರುವುದು ಅವರ ಪರದೆಯ ತೊಂದರೆ, ಫೈಲಿನ ತೊಂದರೆ ಅಲ್ಲ. ಆದ್ದರಿಂದ ಮದ್ದನ್ನು ಪರದೆಗೇ ಹಾಕಬೇಕು. ಅವರು ತಮ್ಮ 4ಕೆ ಮಾನಿಟರಿನ ವಿಂಡೋಸ್ ಸ್ಕೇಲನ್ನು 175% ಮಾಡಿಕೊಂಡು ಫೈಲಿನ ಝೂಮನ್ನು 100%ಗೆ ತರಲಿ. ಆಗ ಅವರ ಕಾಲಂ 112 ಪಿಕ್ಸೆಲ್, ಅಳತೆಯಲ್ಲಿ ಸುಮಾರು 1.7 ಸೆಂ.ಮೀ. ನಿಮ್ಮ ಲ್ಯಾಪ್‌ಟಾಪಿನಷ್ಟೇ! ಅವರಿಗೆ ಆಗಲೂ 34 ಕಾಲಂ ಕಾಣುತ್ತದೆ, ಏಕೆಂದರೆ ಅವರ ಮಾನಿಟರ್ ನಿಜವಾಗಿ ಅಗಲವಾಗಿದೆ. ಇಬ್ಬರಿಗೂ ಒಂದೇ ಫೈಲ್, ಒಂದೇ ಝೂಮ್, ಒಂದೇ ಗಾತ್ರ.

ಈ ಲೆಕ್ಕದಲ್ಲಿ ಸಾಲಿನ ಸಂಖ್ಯೆಗಳ ಪಟ್ಟಿ ಮತ್ತು ಸ್ಕ್ರೋಲ್ ಪಟ್ಟಿ ತಿನ್ನುವ ಜಾಗ ಬಿಟ್ಟಿದ್ದೇನೆ. ನಿಮ್ಮ ಪರದೆಯಲ್ಲಿ ಒಂದು ಕಾಲಂ ಕಮ್ಮಿ ಕಂಡರೆ ಅದಕ್ಕೇ.

ಹಂತ 6: ತಪ್ಪು ಸ್ಕೇಲಿಂಗ್‌ದೇ ಆಗಿದ್ದರೆ

ಡೆಸ್ಕ್‌ಟಾಪ್ ಮೇಲೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ Display settings ತೆರೆಯಿರಿ. ಇಲ್ಲಿ ಎರಡು ಸಾಲು ನೋಡಬೇಕು.

ಮೊದಲು Display resolution. ಇದರಲ್ಲಿ Recommended ಎಂದು ಬರೆದ ಆಯ್ಕೆಯೇ ಇರಬೇಕು. ಅದು ನಿಮ್ಮ ಪರದೆಯಲ್ಲಿ ನಿಜವಾಗಿ ಇರುವ ಪಿಕ್ಸೆಲ್‌ಗಳ ಸಂಖ್ಯೆ. ಅದಕ್ಕಿಂತ ಕಮ್ಮಿ ಇದ್ದರೆ ಎಲ್ಲವೂ ದೊಡ್ಡದಾಗುವುದರ ಜೊತೆಗೆ ಅಕ್ಷರದ ಅಂಚು ಮಸುಕಾಗುತ್ತದೆ. ಈ ಮಸುಕೇ ಗುರುತು: ದೊಡ್ಡದಾಗಿಯೂ ಚೊಕ್ಕವಾಗಿಯೂ ಇದ್ದರೆ ಸ್ಕೇಲಿಂಗ್, ದೊಡ್ಡದಾಗಿ ಮಸುಕಾಗಿದ್ದರೆ ರೆಸಲ್ಯೂಶನ್. ಪ್ರೊಜೆಕ್ಟರ್ ಸಿಕ್ಕಿಸಿ ತೆಗೆದ ಮೇಲೆ ಹೀಗೆ ಉಳಿದುಬಿಡುವುದುಂಟು.

ಆಮೇಲೆ Scale. 15.6 ಇಂಚಿನ, 1920 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪಿಗೆ 125% ಅಥವಾ 150% ಮಾಮೂಲು. ಇಲ್ಲೂ Recommended ಎಂದು ಒಂದು ಆಯ್ಕೆ ಇರುತ್ತದೆ. ಅಲ್ಲಿಂದ ಶುರುಮಾಡಿ, ನಿಮ್ಮ ಕಣ್ಣಿಗೆ ಬೇಕಾದರೆ ಒಂದು ಮೆಟ್ಟಿಲು ಆಚೀಚೆ ಹೋಗಿ. ಎಕ್ಸೆಲ್ ನೋಡಿ ತೀರ್ಮಾನ ಮಾಡಬೇಡಿ. ಟಾಸ್ಕ್‌ಬಾರ್ ಮತ್ತು ಮೆನು ಆರಾಮಾಗಿ ಓದಲು ಆಗುತ್ತದೆಯೇ ಅಂತ ನೋಡಿ ತೀರ್ಮಾನಿಸಿ.

ಪಟ್ಟಿಯಲ್ಲಿಲ್ಲದ ಸಂಖ್ಯೆಯನ್ನು ಬರೆಯಲು Custom scaling ಎಂಬ ಜಾಗವೂ ಇದೆ. 100ರಿಂದ 500ರವರೆಗೆ ಬರೆಯಬಹುದು. ಅದನ್ನು ಬಳಸಬೇಡಿ ಅನ್ನುವುದು ನನ್ನ ಸಲಹೆ. ಅದು ಜಾರಿಗೆ ಬರಲು ಸೈನ್ ಔಟ್ ಆಗಬೇಕು, ತೆಗೆಯಲೂ ಸೈನ್ ಔಟ್ ಆಗಬೇಕು. 115 ಎಂದು ಬರೆಯಲು ಹೋಗಿ 415 ಆದರೆ ಸರಿಮಾಡುವ ಬಟನ್ ಕೂಡ ಪರದೆಯ ಆಚೆ ಹೋಗಿಬಿಡುತ್ತದೆ.

ಎರಡು ಪರದೆ ಇದ್ದರೆ ಪ್ರತಿಯೊಂದಕ್ಕೂ ಬೇರೆ ಸ್ಕೇಲ್ ಇಡಬಹುದು. Display settings ಮೇಲ್ಭಾಗದಲ್ಲಿ 1, 2 ಎಂಬ ಚೌಕಗಳಿವೆ. ಯಾವ ಪರದೆಯದನ್ನು ಬದಲಿಸಬೇಕೋ ಆ ಚೌಕ ಒತ್ತಿ, ಆಮೇಲೆ Scale ಮುಟ್ಟಿ. ಚೌಕ ಒತ್ತದೆ ಬದಲಿಸಿ "ಏನೂ ಆಗಲಿಲ್ಲ" ಅನ್ನುವವರು ಇನ್ನೊಂದು ಪರದೆಯನ್ನು ಬದಲಿಸಿರುತ್ತಾರೆ.

ಹಂತ 7: ಝೂಮ್ ತಾನಾಗಿ ಬದಲಾಗುತ್ತಿದ್ದರೆ

ಸರಿಮಾಡಿದ ಮೇಲೂ ಕೆಲಸದ ನಡುವೆ ಶೀಟ್ ಹಿಗ್ಗುತ್ತಿದ್ದರೆ, ಲ್ಯಾಪ್‌ಟಾಪ್‌ನಲ್ಲಿ ಮೊದಲ ಅನುಮಾನ ಟಚ್‌ಪ್ಯಾಡ್ ಮೇಲೆ. ಎರಡು ಬೆರಳು ಅಗಲಿಸಿದರೆ ಝೂಮ್ ಆಗುತ್ತದೆ. ಸ್ಕ್ರೋಲ್ ಮಾಡಲು ಎರಡು ಬೆರಳು ಇಟ್ಟಾಗ ಅವು ಸ್ವಲ್ಪ ದೂರ ಸರಿದರೂ ಸಾಕು. ವಿಂಡೋಸ್ 11ರಲ್ಲಿ Settings, Bluetooth & devices, Touchpad, Scroll & zoom ಎಂದು ಹೋಗಿ Pinch to zoom ಟಿಕ್ ತೆಗೆಯಿರಿ. ಇದು ಎಕ್ಸೆಲ್‌ಗೆ ಮಾತ್ರವಲ್ಲ, ಬ್ರೌಸರ್ ಮುಂತಾದ ಎಲ್ಲ ಕಡೆಯೂ ನಿಲ್ಲುತ್ತದೆ ಅನ್ನುವುದು ನೆನಪಿರಲಿ.

ಮೌಸ್ ಬಳಸುವವರು ಹೀಗೆ ಪರೀಕ್ಷಿಸಿ. Ctrl ಮುಟ್ಟದೆ ಮೌಸ್ ಚಕ್ರ ತಿರುಗಿಸಿ. ಸ್ಕ್ರೋಲ್ ಆಗುವ ಬದಲು ಝೂಮ್ ಆದರೆ ಕಾರಣ ಎರಡರಲ್ಲಿ ಒಂದು. ಬ್ರೌಸರ್‌ನಲ್ಲೂ ಹೀಗೇ ಆದರೆ Ctrl ಕೀ ಅಂಟಿಕೊಂಡಿದೆ. ಎರಡೂ ಕಡೆಯ Ctrl ಕೀಗಳನ್ನು ಒಮ್ಮೆ ಒತ್ತಿಬಿಡಿ. ಎಕ್ಸೆಲ್‌ನಲ್ಲಿ ಮಾತ್ರ ಹೀಗಾದರೆ File, Options, Advanced ಒಳಗೆ Zoom on roll with IntelliMouse ಎಂಬುದಕ್ಕೆ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ.

ವರ್ಡ್ ಬಳಸುವವರಿಗೆ

ವರ್ಡ್ ಕೂಡ ಝೂಮನ್ನು ಫೈಲಿನೊಳಗೇ ಇಡುತ್ತದೆ. ಮೂಲೆಯ ಸಂಖ್ಯೆ, View ಕೆಳಗಿನ 100% ಬಟನ್ ಎಲ್ಲ ಎಕ್ಸೆಲ್‌ನಂತೆಯೇ. ಇಲ್ಲಿ ಮೇಲಿನ ಮಿತಿ 500%.

ವರ್ಡ್‌ನಲ್ಲಿ ಒಂದು ಅನುಕೂಲ ಜಾಸ್ತಿ ಇದೆ. View ಕೆಳಗೆ Page Width ಎಂಬ ಬಟನ್ ಇದೆ. ಅದನ್ನು ಒತ್ತಿ ಸೇವ್ ಮಾಡಿದರೆ ಫೈಲಿನಲ್ಲಿ ಬರೀ ಸಂಖ್ಯೆಯಲ್ಲ, "ಪುಟದ ಅಗಲಕ್ಕೆ ಹೊಂದಿಸು" ಎಂಬ ಸೂಚನೆಯೂ ಉಳಿಯುತ್ತದೆ. ತೆರೆಯುವವರ ಕಿಟಕಿ ಎಷ್ಟು ಅಗಲವೋ ಅಷ್ಟಕ್ಕೆ ಪುಟ ಹೊಂದಿಕೊಳ್ಳುತ್ತದೆ. ಹತ್ತು ಜನ ಹತ್ತು ತರಹದ ಪರದೆಯಲ್ಲಿ ನೋಡುವ ಫೈಲಿಗೆ ಇದೇ ಒಳ್ಳೆಯದು. ಎಕ್ಸೆಲ್‌ನ Zoom to Selection ಹೀಗಲ್ಲ. ಅದು ನಿಮ್ಮ ಪರದೆಗೆ ತಕ್ಕ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯನ್ನು ಮಾತ್ರ ಉಳಿಸುತ್ತದೆ.

ವರ್ಡ್‌ನಲ್ಲಿ ಝೂಮ್ ಮಾತ್ರ ಬದಲಿಸಿ ಸೇವ್ ಒತ್ತಿದರೆ ಕೆಲವೊಮ್ಮೆ ಉಳಿಯುವುದಿಲ್ಲ. ಏನೂ ತಿದ್ದಿಲ್ಲ ಅಂತ ವರ್ಡ್ ಅಂದುಕೊಳ್ಳುತ್ತದೆ. ಎಲ್ಲಾದರೂ ಒಂದು ಸ್ಪೇಸ್ ಹೊಡೆದು, ಅಳಿಸಿ, ಆಮೇಲೆ Ctrl ಮತ್ತು S ಒತ್ತಿ.

ಬ್ರೌಸರ್‌ನಲ್ಲಿ ಶೀಟ್ ತೆರೆಯುವವರಿಗೆ

ಗೂಗಲ್ ಶೀಟ್ಸ್‌ನಂಥದ್ದರಲ್ಲಿ ಝೂಮ್ ಎರಡು ಕಡೆ ಇದೆ. ಒಂದು ಶೀಟಿನ ಮೇಲಿನ ಬಟನ್ ಪಟ್ಟಿಯಲ್ಲಿರುವ ಶೇಕಡಾ ಸಂಖ್ಯೆ. ಇನ್ನೊಂದು ಬ್ರೌಸರಿನದೇ ಝೂಮ್. ಗುರುತು ಹಿಡಿಯಲು ಹಂತ 1ರ ಪರೀಕ್ಷೆಯೇ ಸಾಕು. ಸೆಲ್ ಮಾತ್ರ ದೊಡ್ಡದಾಗಿ, ಮೇಲಿನ ಬಟನ್‌ಗಳು ಎಂದಿನಂತೆ ಇದ್ದರೆ ಶೀಟಿನ ಝೂಮ್. ಆ ಬಟನ್‌ಗಳೂ ಹಿಗ್ಗಿ, ಬೇರೆ ವೆಬ್‌ಸೈಟ್‌ಗಳು ಸರಿಯಾಗಿದ್ದರೆ ಬ್ರೌಸರ್ ಝೂಮ್. Ctrl ಹಿಡಿದು ಸೊನ್ನೆ ಒತ್ತಿದರೆ ಅದು ಮೊದಲಿನಂತಾಗುತ್ತದೆ. ಕ್ರೋಮ್ ಪ್ರತಿ ಸೈಟಿನ ಝೂಮನ್ನೂ ಬೇರೆ ಬೇರೆ ನೆನಪಿಡುತ್ತದೆ. ಹಾಗಾಗಿ ಒಂದು ಸೈಟ್ ಮಾತ್ರ ದಿನಾ ದೊಡ್ಡದಾಗಿ ತೆರೆಯುವುದರಲ್ಲಿ ಆಶ್ಚರ್ಯವಿಲ್ಲ.

ಪ್ರಿಂಟ್ ಬಗ್ಗೆ ಒಂದು ಮಾತು

ಝೂಮ್ 400 ಇರಲಿ, 10 ಇರಲಿ, ಪ್ರಿಂಟ್ ಮೇಲೆ ಅದರ ಪರಿಣಾಮ ಇಲ್ಲ. ವಿಂಡೋಸ್ ಸ್ಕೇಲ್ ಪ್ರಿಂಟ್ ಗಾತ್ರ ನಿರ್ಧರಿಸುವುದಿಲ್ಲ. ಕಾಗದದ ಮೇಲೆ ಅಕ್ಷರ ದೊಡ್ಡದಾಗಿ ಬಂದರೆ Page Layout ಕೆಳಗಿನ Scale to Fit ಗುಂಪಿನಲ್ಲಿ Scale ಎಂಬ ಸಂಖ್ಯೆ ನೋಡಿ. ಅದು ಕಾಗದಕ್ಕೆ ಮಾತ್ರ ಸೇರಿದ ಮೂರನೆಯ ಅಳತೆ. ಅದೂ ಝೂಮಿನಂತೆ 10%ರಿಂದ 400%ವರೆಗೆ ಇರುತ್ತದೆ, ಅದೂ ಫೈಲಿನೊಳಗೇ ಉಳಿಯುತ್ತದೆ. ಆದ್ದರಿಂದ ಬೇರೆಯವರಿಂದ ಬಂದ ಫೈಲನ್ನು ಪ್ರಿಂಟ್ ಮಾಡುವ ಮೊದಲು ಇದನ್ನೂ ಒಮ್ಮೆ ನೋಡಿಕೊಳ್ಳಿ.